ಸಡಿಲಾದ ಫ್ರಾಸ್ಟಿಂಗಿಗೆ ಸಕ್ಕರೆ ಮದ್ದಲ್ಲ

ಕ್ರೀಮ್ ಚೀಸ್ ಫ್ರಾಸ್ಟಿಂಗ್ ನೀರಾಯಿತು ಎಂದು ಯಾರಲ್ಲಾದರೂ ಹೇಳಿಕೊಂಡು ನೋಡಿ. "ಇನ್ನೂ ಒಂದು ಕಪ್ ಐಸಿಂಗ್ ಶುಗರ್ ಹಾಕಿ, ಗಟ್ಟಿಯಾಗುತ್ತೆ" ಎಂಬ ಉತ್ತರ ತಕ್ಷಣ ಸಿಗುತ್ತದೆ. ನನಗೆ ಕೇಕ್ ಮಾಡುವುದನ್ನು ಕಲಿಸಿದವರೂ ಇದನ್ನೇ ಹೇಳಿಕೊಟ್ಟಿದ್ದರು. ಅವರ ಕೈಗುಣದ ಮೇಲೆ ನನಗೆ ಇಂದಿಗೂ ಗೌರವವಿದೆ. ಅವರ ಬೆಣ್ಣೆಯ ಐಸಿಂಗ್, ಚಾಕೊಲೇಟ್ ಗನಾಶ್ ಎರಡೂ ಅಚ್ಚುಕಟ್ಟು. ಆದರೆ ಈ ಒಂದು ಸಲಹೆಯನ್ನು ನಾನು ಹಲವು ಸಲ ಪಾಲಿಸಿ, ಹಲವು ಸಲ ಸೋತು, ಕೊನೆಗೆ ಕಾರಣ ಹುಡುಕಿಕೊಂಡು ಹೊರಟೆ. ಸಿಕ್ಕ ಕಾರಣ ಆ ಸಲಹೆಗೆ ನೇರ ವಿರುದ್ಧವಾಗಿತ್ತು. ಫ್ರಾಸ್ಟಿಂಗ್ ಸಡಿಲಾಗುವುದಕ್ಕೆ ಮುಖ್ಯ ಕಾರಣಗಳಲ್ಲಿ ಸಕ್ಕರೆಯೇ ಒಂದು. ನೀರಾದದ್ದಕ್ಕೆ ಸಕ್ಕರೆ ಸುರಿಯುತ್ತ ಹೋದರೆ ಬಹುತೇಕ ಸಲ ಅದು ಇನ್ನಷ್ಟು ನೀರಾಗುತ್ತದೆ.

ಕಳೆದ ವರ್ಷದ ಏಪ್ರಿಲ್‌ನಲ್ಲಿ ಆದದ್ದನ್ನು ಹೇಳುತ್ತೇನೆ. ಮೈಸೂರಿನ ನಮ್ಮ ಮನೆಯಲ್ಲಿ ತಂಗಿಯ ಮಗಳ ಹುಟ್ಟುಹಬ್ಬ. ಕ್ಯಾರೆಟ್ ಕೇಕ್ ಬೇಕೆಂದು ಅವಳೇ ಕೇಳಿದ್ದಳು. ಅಡುಗೆಮನೆಯಲ್ಲಿ ಮಧ್ಯಾಹ್ನ 31 ಡಿಗ್ರಿ. ಡಬ್ಬಿಯ ಕ್ರೀಮ್ ಚೀಸ್ 200 ಗ್ರಾಂ, ಬೆಣ್ಣೆ 100 ಗ್ರಾಂ. ಪುಸ್ತಕದಲ್ಲಿ ಬರೆದಂತೆ ಎರಡನ್ನೂ ಹೊರಗಿಟ್ಟು ಮೆತ್ತಗಾಗಿಸಿ, ಒಟ್ಟಿಗೆ ಬೀಟರ್‌ನಲ್ಲಿ ತಿರುಗಿಸಿ, 150 ಗ್ರಾಂ ಸಕ್ಕರೆ ಹಾಕಿದೆ. ದೋಸೆ ಹಿಟ್ಟಿನ ಹದಕ್ಕೆ ಬಂತು. ಇನ್ನೂ 75 ಗ್ರಾಂ ಹಾಕಿದೆ. ಹಾಕಿದ ಆ ಗಳಿಗೆಯಲ್ಲಿ ಪುಡಿ ತೇವ ಹೀರಿಕೊಂಡು ದಪ್ಪಗಾದಂತೆ ಕಂಡಿತು, ಸಮಾಧಾನವಾಯಿತು. ಕಾಲು ಗಂಟೆಯಲ್ಲಿ ಮತ್ತೆ ಇಳಿಯಿತು. ಮತ್ತೆ 75 ಗ್ರಾಂ. ಅದೂ ಹಾಗೆಯೇ. ಸಂಜೆ ಕೇಕಿನ ಮೇಲೆ ಹಚ್ಚಿದ್ದು ಬದಿಗಳಿಂದ ಜಾರಿ ತಟ್ಟೆಯಲ್ಲಿ ಕೆರೆಯಂತೆ ನಿಂತಿತು. ಹುಡುಗಿ ಏನೂ ಹೇಳದೆ ಮೇಣದಬತ್ತಿ ಊದಿದಳು. ಅವಳ ಆ ಮೌನ ನನಗೆ ಬಹಳ ದಿನ ನೆನಪಿನಲ್ಲಿತ್ತು.

ಆ ದಿನ ನಮ್ಮ ಮನೆಯಲ್ಲಿದ್ದ ಅತ್ತಿಗೆ ಹುಬ್ಬಳ್ಳಿಯವರು. ಕೇಕ್ ಮಾಡಿದವರಲ್ಲ, ಆದರೆ ಶ್ರೀಖಂಡ ಮಾಡಿ ಕೈ ಪಳಗಿದೆ. ನನ್ನ ಬಟ್ಟಲನ್ನು ಒಮ್ಮೆ ನೋಡಿ ಅವರು ಹೇಳಿದ್ದು ಇಷ್ಟೇ: "ಸಕ್ಕರಿ ಬಿದ್ದ ಮ್ಯಾಲೆ ಚಕ್ಕಾ ತೆಳ್ಳಗ ಆಗೇ ಆಗ್ತದಲ್ಲ. ನೀ ಮತ್ತ ಮತ್ತ ಹಾಕಿದ್ರ ಹೆಂಗ ಗಟ್ಟಿ ಆಗ್ತದ?"

ಇಡೀ ವಿಷಯದ ಗಂಟು ಇರುವುದು ಅಲ್ಲಿಯೇ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ತೂಗುಹಾಕಿದರೆ ಬರುವ ಚಕ್ಕಾ ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿ. ಅದಕ್ಕೆ ಸಕ್ಕರೆ ಬೆರೆಸಿ ತಿರುವಿದರೆ ಐದೇ ನಿಮಿಷದಲ್ಲಿ ಸಡಿಲ. ಬೆಳಗಾವಿ, ಧಾರವಾಡದ ಕಡೆ ಶ್ರೀಖಂಡ ಮಾಡುವವರಿಗೆಲ್ಲ ಇದು ಗೊತ್ತು. ಆದ್ದರಿಂದ ಅವರು ಮೊದಲೇ ನೀರು ಪೂರ್ತಿ ಇಳಿಸಿರುತ್ತಾರೆ, ಸಕ್ಕರೆಗೆ ಅಳತೆ ಇಟ್ಟಿರುತ್ತಾರೆ, ಬೆರೆಸಿದ ಮೇಲೆ ತಣ್ಣಗಿಡುತ್ತಾರೆ. ದಕ್ಷಿಣದ ನಮಗೂ ಬೇರೆ ದಾರಿಯಲ್ಲಿ ಇದೇ ಪಾಠ ಸಿಕ್ಕಿದೆ. ರಸಾಯನಕ್ಕೆ ಹೆಚ್ಚಿದ ಮಾವಿನ ಹೋಳಿನ ಮೇಲೆ ಸಕ್ಕರೆ ಉದುರಿಸಿ ಹತ್ತು ನಿಮಿಷ ಬಿಟ್ಟರೆ ಪಾತ್ರೆಯ ತಳದಲ್ಲಿ ರಸ ನಿಂತಿರುತ್ತದೆ. ನಾವು ನೀರು ಹಾಕಿರುವುದಿಲ್ಲ. ಸಕ್ಕರೆ ಹಣ್ಣಿನೊಳಗಿದ್ದ ನೀರನ್ನು ಹೊರಗೆಳೆದಿರುತ್ತದೆ.

ಕ್ರೀಮ್ ಚೀಸ್ ಎಂದರೆ ಕೆನೆ ಬೆರೆತ ಹಾಲನ್ನು ಹೆಪ್ಪು ಹಾಕಿ ಹುಳಿ ಬರಿಸಿ, ಹಾಲೊಡಕನ್ನು ತೆಗೆದು ಉಳಿಸಿಕೊಂಡ ಮುದ್ದೆ. ಬಂಧುತ್ವದಲ್ಲಿ ಅದು ಚಕ್ಕಾಗೆ ಹತ್ತಿರ, ಬೆಣ್ಣೆಗೆ ದೂರ. ಹಾಲಿನ ಪ್ರೋಟೀನು ಒಂದು ಬಲೆಯಂತೆ ಹೆಣೆದುಕೊಂಡು ಕೊಬ್ಬನ್ನೂ ನೀರನ್ನೂ ಹಿಡಿದಿಟ್ಟಿರುತ್ತದೆ. ಕೈಗೆ ಗಟ್ಟಿಯಾಗಿ ಸಿಗುತ್ತದೆಂದು ಅದರಲ್ಲಿ ನೀರಿಲ್ಲ ಎಂದುಕೊಳ್ಳುತ್ತೇವೆ. ವಾಸ್ತವದಲ್ಲಿ ತೂಕದ ಅರ್ಧಕ್ಕಿಂತ ಹೆಚ್ಚು ನೀರೇ.

ನನ್ನ ಆ ಬಟ್ಟಲಿನ ಲೆಕ್ಕವನ್ನೇ ಹಾಕೋಣ. ಡಬ್ಬಿಯಲ್ಲಿ ಬರುವ ಮೆತ್ತನೆಯ ಚೀಸಿನಲ್ಲಿ 100 ಗ್ರಾಮಿಗೆ ಸುಮಾರು 60 ಗ್ರಾಂ ನೀರು ಎಂದು ಹಿಡಿದರೆ, 200 ಗ್ರಾಮಿನಲ್ಲಿ 120 ಗ್ರಾಂ ನೀರಿದೆ. ಕೋಣೆಯ ಬಿಸಿಯಲ್ಲಿ ಒಂದು ಗ್ರಾಂ ನೀರು ಎರಡು ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳಬಲ್ಲದು. ಅಂದರೆ ಈ ಚೀಸಿಗೆ 240 ಗ್ರಾಂವರೆಗೆ ಸಕ್ಕರೆ ನುಂಗುವ ಹಸಿವಿದೆ. ಒಂದಷ್ಟು ನೀರು ಪ್ರೋಟೀನಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಪೂರ್ತಿ ಅಷ್ಟು ಕರಗದಿರಬಹುದು, ಆದರೆ ದಿಕ್ಕು ಇದೇ. ಕರಗಿದ ಸಕ್ಕರೆ ಮಾಯವಾಗುವುದೂ ಇಲ್ಲ. ಒಂದು ಗ್ರಾಂ ಸಕ್ಕರೆ ಕರಗಿದರೆ ದ್ರವದ ಗಾತ್ರ 0.6 ಮಿಲಿಯಷ್ಟು ಹೆಚ್ಚುತ್ತದೆ. 240 ಗ್ರಾಂ ಕರಗಿದರೆ 120 ಮಿಲಿ ಇದ್ದ ನೀರು 260 ಮಿಲಿಗೂ ಮೀರಿದ ಪಾಕವಾಗುತ್ತದೆ. ಬಟ್ಟಲಿನಲ್ಲಿದ್ದ ದ್ರವ ಎರಡು ಪಟ್ಟಿಗಿಂತ ಹೆಚ್ಚಾಯಿತು, ಅದನ್ನು ಹಿಡಿಯಬೇಕಾದ ಬಲೆ ಮಾತ್ರ ಇದ್ದಷ್ಟೇ ಇದೆ. ಸಕ್ಕರೆ ಹಾಕಿದ ಕೂಡಲೇ ದಪ್ಪಗಾಗಿ ಆಮೇಲೆ ಇಳಿದದ್ದು ಏಕೆಂದು ಈಗ ತಿಳಿಯುತ್ತದೆ. ಪುಡಿಯ ಕಣಗಳು ಇನ್ನೂ ಕರಗದೆ ಇದ್ದಾಗ ಹಿಟ್ಟು ಬೆರೆಸಿದಂತೆ ದಪ್ಪ, ಕರಗಿದ ಮೇಲೆ ಪಾಕ. ನಾನು ಸಮಾಧಾನ ಪಟ್ಟುಕೊಂಡದ್ದು ಆ ನಡುವಿನ ಹತ್ತು ನಿಮಿಷದಲ್ಲಿ.

ಇಲ್ಲಿ ನನ್ನ ಮಾತನ್ನು ಒಪ್ಪದವರು ಒಂದು ಒಳ್ಳೆಯ ಪ್ರಶ್ನೆ ಕೇಳುತ್ತಾರೆ. ಅಮೆರಿಕದ ಪಾಕವಿಧಾನಗಳಲ್ಲಿ ನಾಲ್ಕು ಕಪ್ ಸಕ್ಕರೆ ಇರುತ್ತದೆ, ಅವರಿಗೆ ಗಟ್ಟಿಯಾಗಿಯೇ ಬರುತ್ತದಲ್ಲ? ಬರುತ್ತದೆ, ನಿಜ. ನೀರಿಗೆ ಕರಗಿಸಲಾಗದಷ್ಟು ಸಕ್ಕರೆ ತುಂಬಿದರೆ ಮಿಕ್ಕ ಪುಡಿ ಕರಗದೆ ಉಳಿದು ಫ್ರಾಸ್ಟಿಂಗನ್ನು ದಪ್ಪಗಾಗಿಸುತ್ತದೆ. ಅಷ್ಟರ ಮಟ್ಟಿಗೆ ಹಳೆಯ ಸಲಹೆಯಲ್ಲಿ ಸತ್ಯವಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಹಂತ ಮುಟ್ಟುವ ಹೊತ್ತಿಗೆ ಚೀಸಿನ ಹುಳಿ ಪೂರ್ತಿ ಮುಚ್ಚಿಹೋಗಿರುತ್ತದೆ. ಕ್ಯಾರೆಟ್ ಕೇಕಿನ ಮೇಲೆ ಈ ಫ್ರಾಸ್ಟಿಂಗ್ ಬೇಕೆನಿಸುವುದೇ ಆ ಹುಳಿಗಾಗಿ. ಎರಡನೆಯ ಮಾತು, ಅವರ ಚೀಸೂ ನಮ್ಮ ಚೀಸೂ ಒಂದೇ ಹೆಸರಿನ ಎರಡು ಬೇರೆ ವಸ್ತುಗಳು. ಪಾಕವಿಧಾನ ಸಮುದ್ರ ದಾಟಿ ಬಂತು, ಚೀಸು ಹಾಗೆಯೇ ಬರಲಿಲ್ಲ.

ಇಂದಿನ ಕ್ರೀಮ್ ಚೀಸ್ ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದ ಚೆಸ್ಟರ್ ಎಂಬ ಊರಿನಲ್ಲಿ, 1870ರ ದಶಕದಲ್ಲಿ, ವಿಲಿಯಂ ಲಾರೆನ್ಸ್ ಎಂಬ ಡೇರಿಯವನ ಕೈಯಲ್ಲಿ. 1880ರಲ್ಲಿ ಅದಕ್ಕೆ ಫಿಲಡೆಲ್ಫಿಯಾ ಎಂಬ ಹೆಸರು ಬಂತು. ಆ ಊರಿನಲ್ಲಿ ಮಾಡಿದ್ದಕ್ಕಲ್ಲ, ಒಳ್ಳೆಯ ಡೇರಿ ಪದಾರ್ಥಕ್ಕೆ ಆ ಊರಿನ ಹೆಸರು ಪ್ರಸಿದ್ಧವಾಗಿದ್ದಕ್ಕೆ. ಅಲ್ಲಿ ಅದು ಇಂದಿಗೂ ಬೆಳ್ಳಿ ಬಣ್ಣದ ಹಾಳೆಯಲ್ಲಿ ಸುತ್ತಿದ ಇಟ್ಟಿಗೆಯಾಕಾರದ ತುಂಡಾಗಿ ಸಿಗುತ್ತದೆ. ಕ್ರೀಮ್ ಚೀಸ್ ಎಂದು ಕರೆಯಬೇಕಾದರೆ ಹಾಲಿನ ಕೊಬ್ಬು ಶೇಕಡಾ 33ಕ್ಕೆ ಕಡಿಮೆಯಿಲ್ಲದೆ, ನೀರು ಶೇಕಡಾ 55ಕ್ಕೆ ಮೀರದೆ ಇರಬೇಕು ಎಂಬುದು ಅಲ್ಲಿನ ಕಾನೂನು. ಬ್ರೆಡ್ಡಿಗೆ ಹಚ್ಚಲೆಂದು ಮಾಡುವ ಡಬ್ಬಿಯ ಚೀಸು ಬೇರೆ ಮಾತು. ಬ್ರಿಟನ್ನಿನ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಡಬ್ಬಿಯಲ್ಲಿ ಕೊಬ್ಬು 100 ಗ್ರಾಮಿಗೆ 20 ಗ್ರಾಮಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಲಂಡನ್ನಿನಲ್ಲಿರುವ ನಮ್ಮ ಕನ್ನಡದ ಗೆಳತಿಯರು ಅಮೆರಿಕದ ಪುಸ್ತಕ ಇಟ್ಟುಕೊಂಡು ಮಾಡಿ, ನಮ್ಮ ಹಾಗೆಯೇ ಕೈಸುಟ್ಟುಕೊಳ್ಳುವುದು ಇದರಿಂದ.

ಹಾಗಾಗಿ ಚೀಸ್ ಕೊಳ್ಳುವಾಗ ಬೆಲೆಯನ್ನಾಗಲಿ, ಹೊರದೇಶದ್ದೋ ನಮ್ಮದೋ ಎಂಬುದನ್ನಾಗಲಿ ನೋಡಬೇಡಿ ಎನ್ನುತ್ತೇನೆ. ಡಬ್ಬಿಯ ಹಿಂಬದಿ ತಿರುಗಿಸಿ, 100 ಗ್ರಾಮಿಗೆ ಕೊಬ್ಬು ಎಷ್ಟೆಂಬ ಒಂದು ಸಾಲು ಓದಿ. 30 ಗ್ರಾಂ ಅಥವಾ ಮೇಲೆ ಇದ್ದರೆ ಈ ಕೆಲಸಕ್ಕೆ ಹೇಳಿಮಾಡಿಸಿದ್ದು. 20ರಿಂದ 30ರ ನಡುವೆ ಇದ್ದರೆ ಆದೀತು, ಆದರೆ ನೀರು ಹಿಂಡಬೇಕು, ಬೆಣ್ಣೆ ಸ್ವಲ್ಪ ಹೆಚ್ಚು ಬೇಕು. ಅದಕ್ಕಿಂತ ಕಡಿಮೆಯ, 'ಲೈಟ್' ಎಂದು ಬರೆದ ಡಬ್ಬಿಯನ್ನು ಚಪಾತಿಗೆ ಹಚ್ಚಿಕೊಂಡು ತಿನ್ನಬಹುದು, ಫ್ರಾಸ್ಟಿಂಗಿಗೆ ತರಬಾರದು. ಗಾಳಿ ತುಂಬಿ ಹಗುರ ಮಾಡಿದ 'ವಿಪ್ಡ್' ಚೀಸೂ ಬೇಡ. 'ಚೀಸ್ ಸ್ಪ್ರೆಡ್' ಎಂಬುದು ಬೇರೆ ಜಾತಿ. ಅದು ಕರಗಿಸಿ ಲವಣ ಬೆರೆಸಿದ ಸಂಸ್ಕರಿತ ಚೀಸು, ಉಪ್ಪು ನಾಲಿಗೆಗೆ ಹತ್ತುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಗೋರಿಕಾಯಿ ಬೀಜದ ಗ್ವಾರ್ ಗಮ್, ಲೋಕಸ್ಟ್ ಬೀನ್ ಗಮ್ ಎಂದೆಲ್ಲ ಇದ್ದರೆ ಹೆದರಬೇಡಿ. ನೀರನ್ನು ಹಿಡಿದಿಡಲು ಹಾಕಿದ ಅಂಟುಗಳು ಅವು, ನಮ್ಮ ಕೆಲಸಕ್ಕೆ ಅನುಕೂಲವೇ. ಬೇಕರಿ ಸಾಮಾನಿನ ಅಂಗಡಿಗಳಲ್ಲಿ ಹೋಟೆಲಿನವರಿಗೆಂದು ಮಾರುವ ಒಂದು ಕಿಲೋ ಪೊಟ್ಟಣದ ಚೀಸು ಸೂಪರ್‌ಮಾರ್ಕೆಟ್ಟಿನ ಚಿಕ್ಕ ಡಬ್ಬಿಗಿಂತ ಗಟ್ಟಿಯಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಆದರೆ ಅದನ್ನು ಅಂಗಡಿಯವರು ಐಸ್ ಕಟ್ಟುವ ಫ್ರೀಜರಿನಲ್ಲಿ ಇಟ್ಟಿದ್ದರೋ ಕೇಳಿಕೊಳ್ಳಿ. ಒಮ್ಮೆ ಹೆಪ್ಪುಗಟ್ಟಿ ಕರಗಿದ ಚೀಸಿನ ಬಲೆ ಹರಿದಿರುತ್ತದೆ. ಮುರಿದು ನೋಡಿದರೆ ರವೆಯಂತೆ ತರಿತರಿ, ಪೊಟ್ಟಣದೊಳಗೆ ನೀರು. ಅದನ್ನು ಬೇಯಿಸುವ ಚೀಸ್‌ಕೇಕಿಗೆ ಬಳಸಬಹುದು.

ಮನೆಯಲ್ಲೇ ಮೊಸರು ಕಟ್ಟಿ ಕ್ರೀಮ್ ಚೀಸ್ ಮಾಡಿಕೊಳ್ಳಬಹುದಲ್ಲ ಎಂಬ ಮಾತೂ ಬರುತ್ತದೆ. ಖರ್ಚು ಕಡಿಮೆ ಎಂಬುದು ನಿಜ. ಆದರೆ ಸಾಮಾನ್ಯ ಹಾಲಿನ ಮೊಸರಿನಲ್ಲಿ ಕೊಬ್ಬು ಕಡಿಮೆ. ಎಷ್ಟು ಹಿಂಡಿದರೂ ಅದು ಕ್ರೀಮ್ ಚೀಸಿನ ಹತ್ತಿರ ಬರುವುದಿಲ್ಲ. ಗಟ್ಟಿತನ ಅದಕ್ಕೆ ಪ್ರೋಟೀನಿನಿಂದ ಬಂದಿರುತ್ತದೆ, ಸಕ್ಕರೆ ಬಿದ್ದ ಕೂಡಲೇ ಅದು ಶ್ರೀಖಂಡದ ದಾರಿ ಹಿಡಿಯುತ್ತದೆ. ಶ್ರೀಖಂಡವಾಗಿ ಅದು ಸೊಗಸು, ಕೇಕಿನ ಬದಿಗೆ ಅಂಟಿ ನಿಲ್ಲುವುದು ಅದರ ಸ್ವಭಾವವಲ್ಲ.

ಡಬ್ಬಿಯ ಚೀಸಿನಿಂದ ನೀರು ಹಿಂಡುವುದಕ್ಕೆ ನಾನು ಅತ್ತಿಗೆಯವರ ವಿದ್ಯೆಯನ್ನೇ ತೆಗೆದುಕೊಂಡಿದ್ದೇನೆ, ಒಂದು ತಿದ್ದುಪಡಿಯೊಂದಿಗೆ. ಅಂಟು ಬೆರೆತ ಚೀಸನ್ನು ಮೊಸರಿನಂತೆ ಬರಿದೇ ತೂಗುಹಾಕಿದರೆ ಹನಿಯೂ ಇಳಿಯದಿರಬಹುದು. ಅದಕ್ಕೆ ಭಾರ ಬೇಕು. ತೊಳೆದು ಒಣಗಿಸಿದ ಹಳೆಯ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ, ಚೀಸನ್ನು ಅದರಲ್ಲಿ ಬೆರಳು ದಪ್ಪದ ಬಿಲ್ಲೆಯಂತೆ ಹರಡಿ ಸುತ್ತಿ, ತೂತಿನ ತಟ್ಟೆಯ ಮೇಲಿಟ್ಟು, ಮೇಲೊಂದು ತಟ್ಟೆ, ಅದರ ಮೇಲೆ ಒಂದು ಕಿಲೋ ಬೇಳೆಯ ಪೊಟ್ಟಣ. ಫ್ರಿಜ್ಜಿನಲ್ಲಿ ಒಂದು ರಾತ್ರಿ. ಬೆಳಿಗ್ಗೆ ಬಟ್ಟೆ ಒದ್ದೆಯಾಗಿರುತ್ತದೆ. ಮೊದಲು, ಆಮೇಲೆ ಎರಡು ಸಲವೂ ತೂಗಿ. ನನ್ನ 300 ಗ್ರಾಂ ಚೀಸು ಈ ವರ್ಷ 272ಕ್ಕೆ ಇಳಿದಿತ್ತು. 28 ಗ್ರಾಂ ಕಡಿಮೆಯಂತೆ ಕಾಣುತ್ತದೆ, ಆದರೆ ಅದು ಸುಮಾರು 56 ಗ್ರಾಂ ಸಕ್ಕರೆಯನ್ನು ಕರಗಿಸಿಕೊಂಡು ಪಾಕವಾಗುತ್ತಿದ್ದ ನೀರು.

ಸಕ್ಕರೆ ಗಟ್ಟಿ ಮಾಡುವುದಿಲ್ಲ ಎಂದರೆ ಮತ್ತಾವುದು ಗಟ್ಟಿ ಮಾಡುತ್ತದೆ? ಬೆಣ್ಣೆ. ಇನ್ನೂ ನಿಖರವಾಗಿ ಹೇಳಬೇಕೆಂದರೆ, ಬೆಣ್ಣೆಯೊಳಗೆ ಹರಳುಗಟ್ಟಿದ ಕೊಬ್ಬು. ಫ್ರಿಜ್ಜಿನಿಂದ ತೆಗೆದ ಬೆಣ್ಣೆಯ ಕೊಬ್ಬಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹರಳಿನ ರೂಪದಲ್ಲಿರುತ್ತದೆ, ಮಿಕ್ಕದ್ದು ಎಣ್ಣೆಯಂತೆ. ಬಿಸಿ ಏರಿದಂತೆ ಹರಳು ಕರಗುತ್ತ ಹೋಗಿ, 30 ಡಿಗ್ರಿಗೆ ಬಹುಪಾಲು ದ್ರವ. 20 ಡಿಗ್ರಿಯ ಆಸುಪಾಸಿನಲ್ಲಿ ಬೀಟರಿಗೆ ಬಗ್ಗುವಷ್ಟು ಮೆತ್ತಗೆ, ಆಕಾರ ಹಿಡಿಯುವಷ್ಟು ಗಟ್ಟಿ. ಪುಸ್ತಕಗಳಲ್ಲಿ 'ಕೋಣೆಯ ಉಷ್ಣತೆಯಲ್ಲಿರುವ ಬೆಣ್ಣೆ' ಎಂದು ಬರೆಯುವವರ ಮನಸ್ಸಿನಲ್ಲಿ ಇರುವುದು ಅವರ ಊರಿನ ಕೋಣೆ, ಆ 20 ಡಿಗ್ರಿ. ನಾವು ರಾಯಚೂರಿನಲ್ಲೋ ಮಂಗಳೂರಿನಲ್ಲೋ ಆ ಮಾತನ್ನು ಅಕ್ಷರಶಃ ಪಾಲಿಸಿ ಬೆಣ್ಣೆಯನ್ನು ಎರಡು ಗಂಟೆ ಹೊರಗಿಟ್ಟರೆ, ಫ್ರಾಸ್ಟಿಂಗ್ ಶುರುವಾಗುವ ಮೊದಲೇ ಸೋತಿರುತ್ತದೆ. ನನ್ನ ಅಡುಗೆಮನೆಯಲ್ಲಿ ಬೇಸಿಗೆಯಲ್ಲಿ 15 ನಿಮಿಷ ಸಾಕು. ಬೆರಳಿನಿಂದ ಒತ್ತಿದರೆ ಗುಳಿ ಬೀಳಬೇಕು, ಗುಳಿಯಲ್ಲಿ ಎಣ್ಣೆಯ ಹೊಳಪು ಕಾಣಬಾರದು. ಹೊಳೆದರೆ ತಡವಾಗಿದೆ, ಮತ್ತೆ ಫ್ರಿಜ್ಜಿಗೆ ಹೋಗಲಿ.

ಉಪ್ಪಿಲ್ಲದ ಪ್ಯಾಕೆಟ್ ಬೆಣ್ಣೆಯನ್ನೇ ಬಳಸಿ. ಮನೆಯಲ್ಲಿ ಕಡೆದು ತೆಗೆದ ಬೆಣ್ಣೆಯ ಸುವಾಸನೆ ನನಗೂ ಇಷ್ಟ. ಆದರೆ ಅದರ ಹೊಟ್ಟೆಯಲ್ಲಿ ಮಜ್ಜಿಗೆಯ ಹನಿಗಳು ಅಡಗಿರುತ್ತವೆ, ಒಂದು ನೀರು ಇಳಿಸಿ ಇನ್ನೊಂದು ನೀರು ತಂದಂತಾಗುತ್ತದೆ.

ಬೆಣ್ಣೆ 20 ಡಿಗ್ರಿಯಲ್ಲಿರಲಿ, ಚೀಸು ಮಾತ್ರ ತಣ್ಣಗಿರಲಿ. ಎರಡನ್ನೂ ಒಟ್ಟಿಗೆ ಹೊರಗಿಟ್ಟು ಮೆತ್ತಗಾಗಿಸಬೇಕು ಎಂಬ ಸಾಮಾನ್ಯ ಕ್ರಮವನ್ನು ಇಲ್ಲಿ ನಾನು ಬಿಡುತ್ತೇನೆ. ಆ ಕ್ರಮ ಇಟ್ಟಿಗೆಯಂಥ ಗಟ್ಟಿ ಚೀಸಿಗೆ ಸರಿ, ಬೆಚ್ಚಗಾಗದಿದ್ದರೆ ಅದು ಗಂಟುಗಂಟಾಗಿ ಉಳಿಯುತ್ತದೆ. ನಮ್ಮ ಡಬ್ಬಿಯ ಚೀಸು ಫ್ರಿಜ್ಜಿನಲ್ಲೇ ಚಮಚಕ್ಕೆ ಬಗ್ಗುವಷ್ಟು ಮೆತ್ತಗಿರುತ್ತದೆ, ಅದಕ್ಕೆ ಬಿಸಿಯ ಸಹಾಯ ಬೇಕಿಲ್ಲ. ಬೀಟರಿನ ಸಹಾಯವೂ ಹೆಚ್ಚು ಬೇಡ. ಹೆಪ್ಪುಗಟ್ಟಿದ ಮೊಸರನ್ನು ಕಡಗೋಲಿನಲ್ಲಿ ತಿರುವಿದರೆ ಏನಾಗುತ್ತದೆಂದು ನಮಗೆ ಹೇಳಿಕೊಡಬೇಕಿಲ್ಲ. ಚೀಸಿನ ಬಲೆಯೂ ಹಾಗೆಯೇ, ಬೀಟರಿನ ಕಡ್ಡಿಗಳು ಸುತ್ತಿದಷ್ಟೂ ಹರಿಯುತ್ತದೆ, ಹಿಡಿದಿಟ್ಟ ನೀರನ್ನು ಬಿಟ್ಟುಕೊಡುತ್ತದೆ. ಬೆಣ್ಣೆಯ ಐಸಿಂಗಿನಲ್ಲಿ ಹೆಚ್ಚು ತಿರುವಿದಷ್ಟೂ ಒಳ್ಳೆಯದು, ಗಾಳಿ ತುಂಬುತ್ತದೆ. ಅದೇ ಅಭ್ಯಾಸದ ಕೈ ಇಲ್ಲಿ ತಪ್ಪುವುದು.

ಆದ್ದರಿಂದ ಕ್ರಮವನ್ನು ಬದಲಿಸಬೇಕಾಗುತ್ತದೆ. ಮೊದಲು ಬೆಣ್ಣೆ ಮತ್ತು ಸಕ್ಕರೆ, ಕೊನೆಯಲ್ಲಿ ಚೀಸು. ಹೀಗೆ ಮಾಡಿದರೆ ಬೇಕಾದಷ್ಟು ತಿರುವುವ ಕೆಲಸವೆಲ್ಲ ಚೀಸು ಬರುವ ಮೊದಲೇ ಮುಗಿದಿರುತ್ತದೆ. ಜೊತೆಗೆ ಸಕ್ಕರೆಯ ಕಣಗಳಿಗೆ ಬೆಣ್ಣೆಯ ಲೇಪ ಬಿದ್ದಿರುವುದರಿಂದ ಚೀಸಿನ ನೀರು ಅವುಗಳನ್ನು ಅಷ್ಟು ಬೇಗ ಮುಟ್ಟುವುದಿಲ್ಲ.

ಈ ವರ್ಷದ ಏಪ್ರಿಲ್‌ನಲ್ಲಿ ಅದೇ ಹುಡುಗಿಗೆ, ಅದೇ ಅಡುಗೆಮನೆಯಲ್ಲಿ ಮಾಡಿದ್ದನ್ನು ಪೂರ್ತಿ ಬರೆಯುತ್ತೇನೆ. ಎಂಟು ಇಂಚಿನ ಎರಡು ಪದರದ ಕೇಕಿಗೆ ಇದು ಸಾಕಾಗುತ್ತದೆ. ಚೀಸು 300 ಗ್ರಾಂ, ಹಿಂಡಿದ ಮೇಲೆ 272. ಅದರ ಡಬ್ಬಿಯ ಮೇಲೆ ಕೊಬ್ಬು 24 ಗ್ರಾಂ ಎಂದಿತ್ತು, ಅಂದರೆ ನಡುವಿನ ದರ್ಜೆ, ಅದಕ್ಕೇ ಬೆಣ್ಣೆ 200 ಗ್ರಾಂ. ಚೀಸಿನಲ್ಲಿ ಕೊಬ್ಬು 30 ದಾಟಿದ್ದರೆ 150 ಗ್ರಾಂ ಬೆಣ್ಣೆ ಸಾಕಿತ್ತು. ಐಸಿಂಗ್ ಶುಗರ್ 180 ಗ್ರಾಂ, ಎರಡು ಸಲ ಜರಡಿ ಹಿಡಿದದ್ದು. ಮಿಕ್ಸಿಯಲ್ಲಿ ಮನೆಯಲ್ಲೇ ಪುಡಿ ಮಾಡಿದ ಸಕ್ಕರೆಯಾದರೆ ನುಣುಪು ಸಾಲದೆ ನಾಲಿಗೆಗೆ ಮರಳಿನಂತೆ ಹತ್ತುತ್ತದೆ, ಕೊಂಡದ್ದೇ ವಾಸಿ. ಒಂದು ಚಿಟಿಕೆ ಉಪ್ಪು. ನಿಂಬೆಯ ಸಿಪ್ಪೆಯನ್ನು ಮೇಲುಮೇಲಕ್ಕೆ ತುರಿದದ್ದು ಅರ್ಧ ಚಮಚ. ನಿಂಬೆರಸ ಹಾಕಲಿಲ್ಲ. ಅದೂ ನೀರೇ, ಅದರ ಪರಿಮಳವೆಲ್ಲ ಸಿಪ್ಪೆಯಲ್ಲಿ ಇದೆ.

ಬೆಳಿಗ್ಗೆ ಏಳು ಗಂಟೆಗೆ, ಅಡುಗೆಮನೆ 26 ಡಿಗ್ರಿ ಇದ್ದಾಗ ಶುರು ಮಾಡಿದೆ. ಸ್ಟೀಲಿನ ಬಟ್ಟಲನ್ನೂ ಬೀಟರಿನ ಕಡ್ಡಿಗಳನ್ನೂ ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟಿದ್ದೆ. ಬೆಣ್ಣೆ, ಸಕ್ಕರೆ, ಉಪ್ಪು ಮೂರನ್ನೂ ನಾಲ್ಕು ನಿಮಿಷ ತಿರುವಿದಾಗ ಹಳದಿ ಬಣ್ಣ ಹೋಗಿ ಬಿಳುಪಾಯಿತು, ಬೀಟರ್ ಎತ್ತಿದರೆ ಮೊನೆ ನಿಂತಿತು. ಆಮೇಲೆ ಚೀಸನ್ನು ನಾಲ್ಕು ಪಾಲು ಮಾಡಿ, ಒಂದೊಂದಕ್ಕೂ ಕಡಿಮೆ ವೇಗದಲ್ಲಿ 15 ಸೆಕೆಂಡು ಮಾತ್ರ. ಎರಡನೆಯ ಪಾಲಿಗೆ ಬಟ್ಟಲಿನಲ್ಲಿ ಸಣ್ಣ ಸಣ್ಣ ಹಳದಿ ತರಿಗಳು ಕಂಡವು. ಇದನ್ನು ಕಂಡು ಒಡೆಯಿತೆಂದು ಕೈಬಿಡುವವರಿದ್ದಾರೆ. ಅದು ಒಡೆದದ್ದಲ್ಲ, ತಣ್ಣನೆಯ ಚೀಸು ತಾಗಿ ಬೆಣ್ಣೆ ಗಟ್ಟಿಯಾದದ್ದು. ಎರಡೂ ಅಂಗೈಯನ್ನು ಬಟ್ಟಲಿನ ಹೊರಮೈಗೆ ಒಂದು ನಿಮಿಷ ಒತ್ತಿ ಹಿಡಿದು, ಸ್ಪ್ಯಾಚುಲಾದಿಂದ ಮಡಚಿದೆ, ತರಿ ಕರಗಿತು. ನಾಲ್ಕನೆಯ ಪಾಲು ಮುಗಿದಾಗ ಒಂದೇ ಸಮನೆ ನುಣುಪು. ಅಲ್ಲಿಗೆ ಬೀಟರ್ ನಿಲ್ಲಿಸಿ ತೊಳೆಯಲು ಹಾಕಿದೆ. ನಿಂಬೆ ಸಿಪ್ಪೆಯನ್ನು ಕೈಯಲ್ಲೇ ಬೆರೆಸಿ, ಬಟ್ಟಲನ್ನು ಮುಚ್ಚಿ 40 ನಿಮಿಷ ಫ್ರಿಜ್ಜಿನಲ್ಲಿಟ್ಟೆ. ಹೊರತೆಗೆದಾಗ ದೋಸೆ ಹಿಟ್ಟಲ್ಲ, ಚಪಾತಿಗೆ ಹಚ್ಚುವ ಬೆಣ್ಣೆಯ ಹದ. ಪೂರ್ತಿ ಆರಿದ ಕೇಕಿನ ಮೇಲೆ ಮೊದಲು ತೆಳುವಾದ ಒಂದು ಪದರ ಬಳಿದು ಅರ್ಧ ಗಂಟೆ ತಣ್ಣಗಿಟ್ಟು, ಆಮೇಲೆ ದಪ್ಪ ಪದರ.

ಇಷ್ಟಾಗಿಯೂ ಕೆಲವೊಮ್ಮೆ ಬಟ್ಟಲಿನಲ್ಲಿ ಸಡಿಲವಾಗಿ ಕಾಣುತ್ತದೆ. ಆಗ ಕೈ ಸಕ್ಕರೆಯ ಡಬ್ಬಕ್ಕೆ ಹೋಗುವ ಮುನ್ನ ಒಂದು ಪರೀಕ್ಷೆ ಮಾಡಿ ನೋಡಿ ಎಂಬುದು ನನ್ನ ಕೋರಿಕೆ. ಒಂದು ಚಮಚ ಫ್ರಾಸ್ಟಿಂಗನ್ನು ಚಿಕ್ಕ ತಟ್ಟೆಯ ಮೇಲಿಟ್ಟು 20 ನಿಮಿಷ ಫ್ರಿಜ್ಜಿನಲ್ಲಿಡಿ. ಬಟ್ಟಲನ್ನೂ ಜೊತೆಗೇ ಇಡಿ, ಅದು ಹೊರಗೆ ಕಾಯಬೇಕಿಲ್ಲ. ತಟ್ಟೆಯ ಮೇಲಿನದು ಗಟ್ಟಿಯಾಗಿ, ಚಮಚದಿಂದ ಎಳೆದ ಗೆರೆ ಹಾಗೆಯೇ ನಿಂತರೆ ಅದಕ್ಕೆ ತಗುಲಿದ್ದು ಬರೀ ಬಿಸಿ. ಬೇರೇನೂ ಬೇಡ, ತಣ್ಣಗಾಗಲು ಸಮಯ ಕೊಟ್ಟು, ಬೀಟರ್ ಮುಟ್ಟದೆ ಸ್ಪ್ಯಾಚುಲಾದಿಂದ ನಾಲ್ಕು ಸಲ ಮಡಚಿ ಬಳಸಿ. ಹಾಗಲ್ಲದೆ ತಟ್ಟೆಯ ಮೇಲೆ ಅಂಚಿನ ಸುತ್ತ ನೀರು ಒಸರಿದ್ದರೆ, ಅಥವಾ ತಣ್ಣಗಾದರೂ ಗೆರೆ ಮುಚ್ಚಿಕೊಂಡರೆ, ಚೀಸಿನ ಬಲೆ ಹರಿದಿದೆ. ಅದನ್ನು ಮತ್ತೆ ಹೊಲಿಯಲು ಬರುವುದಿಲ್ಲ, ಕೊಬ್ಬಿನ ಆಸರೆ ಹೆಚ್ಚಿಸಬಹುದು, ಅಷ್ಟೆ. ಬೇರೊಂದು ಬಟ್ಟಲಿನಲ್ಲಿ 75 ಗ್ರಾಂ ಬೆಣ್ಣೆಯನ್ನು ಬಿಳುಪಾಗುವವರೆಗೆ ತಿರುವಿ, ಫ್ರಿಜ್ಜಿನಲ್ಲಿ ತಣ್ಣಗಾದ ಆ ಸಡಿಲ ಫ್ರಾಸ್ಟಿಂಗನ್ನು ಒಂದೊಂದೇ ದೊಡ್ಡ ಚಮಚ ಅದರೊಳಗೆ ಬೆರೆಸುತ್ತ ಹೋಗಿ. ಪೈಪಿಂಗಿನ ಹೂವು ಬರೆಯುವಷ್ಟಲ್ಲದಿದ್ದರೂ ಹಚ್ಚುವ ಮಟ್ಟಕ್ಕೆ ಬಹಳ ಸಲ ಬರುತ್ತದೆ. ಬಾರದಿದ್ದರೆ ಪದರಗಳ ನಡುವೆ ಹಾಕಿ, ಹೊರಗಡೆ ಬರಿದಾಗಿಯೇ ಬಿಡಿ. ಕ್ಯಾರೆಟ್ ಕೇಕಿಗೆ ಅದೂ ಒಪ್ಪುತ್ತದೆ.

ಹಸಿ ಕಾರ್ನ್‌ಫ್ಲೋರ್ ಹಾಕಿದರೆ ಹೇಗೆ ಎಂದು ಒಬ್ಬರು ಕೇಳಿದ್ದರು. ಬೇಯದೆ ಅದು ನೀರನ್ನು ಹಿಡಿಯಲಾರದು, ಬಾಯಲ್ಲಿ ಹಿಟ್ಟಿನ ರುಚಿ ಉಳಿಯುತ್ತದೆ.

ಇನ್ನೊಂದು ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಮನೆಯಿಂದ ಕೇಕ್ ಮಾರುವ ಗೆಳತಿಯೊಬ್ಬರು ಹೇಳಿದರು: "ನಿಮ್ಮದು ಮನೆಯಲ್ಲಿ ತಿನ್ನೋ ಕೇಕ್ ಕಣ್ರೀ. ನನ್ನದು ಸ್ಕೂಟರ್ ಮೇಲೆ ಮಧ್ಯಾಹ್ನ ಮುಕ್ಕಾಲು ಗಂಟೆ ಹೋಗಬೇಕು." ಅವರು ಸಸ್ಯದ ಕೊಬ್ಬಿನಿಂದ ಮಾಡಿದ ಬೇಕರಿಯ ವಿಪ್ಪಿಂಗ್ ಕ್ರೀಮನ್ನು ಗಟ್ಟಿಯಾಗಿ ನೊರೆ ಎಬ್ಬಿಸಿ, ಅದಕ್ಕೆ ಚೀಸು ಬೆರೆಸುತ್ತಾರೆ. ಆ ಕೊಬ್ಬು ಬೆಣ್ಣೆಗಿಂತ ಹೆಚ್ಚು ಬಿಸಿ ತಡೆಯುತ್ತದೆ, ಅವರ ಕೆಲಸಕ್ಕೆ ಅದು ಸರಿಯಾದ ಆಯ್ಕೆ. ಅದರ ರುಚಿ ಮಾತ್ರ ಬೇರೆ, ಬಾಯಿಗೆ ಕೆನೆಯ ಜಿಡ್ಡು ಸಿಗುವುದಿಲ್ಲ ಎಂಬುದನ್ನು ಅವರೂ ಒಪ್ಪುತ್ತಾರೆ. ನಾನು ಇಲ್ಲಿ ಹೇಳಿದ ಫ್ರಾಸ್ಟಿಂಗ್ ಬೆಣ್ಣೆಯ ಹರಳಿನ ಮೇಲೆ ನಿಂತಿದೆ, 30 ಡಿಗ್ರಿಯ ಮದುವೆ ಛತ್ರದಲ್ಲಿ ಯಾವ ಕೈಚಳಕವೂ ಅದನ್ನು ಗಟ್ಟಿಯಾಗಿ ಇಡಲಾರದು. ಕೇಕನ್ನು ಕತ್ತರಿಸುವ 20 ನಿಮಿಷ ಮೊದಲು ಹೊರತೆಗೆಯಿರಿ, ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹಿಂತಿರುಗಿಸಿ. ಹೆಚ್ಚು ಹೊತ್ತು ಹೊರಗಿದ್ದರೆ ಚೀಸು ಹೊಟ್ಟೆಗೂ ಒಳ್ಳೆಯದಲ್ಲ.

ಈ ವರ್ಷ ಸಂಜೆ ಆರಕ್ಕೆ ಕೇಕ್ ಹೊರಬಂತು. ಹುಡುಗಿ ಚಾಕು ಇಳಿಸಿದಾಗ ಬದಿಯ ಫ್ರಾಸ್ಟಿಂಗ್ ಗೋಡೆಯ ಗಾರೆಯಂತೆ ನೇರವಾಗಿ ತುಂಡಾಯಿತು, ತುಂಡನ್ನು ಎತ್ತಿದಾಗಲೂ ಪದರಗಳ ನಡುವಿನ ಬಿಳಿಯ ಗೆರೆ ಅಲುಗಲಿಲ್ಲ. ಅತ್ತಿಗೆ ಒಂದು ಚೂರು ಬಾಯಿಗಿಟ್ಟುಕೊಂಡು, "ಹುಳಿ ಉಳದದ ನೋಡು" ಎಂದರು.